ಎರಡು ಸಲ ಬರೆದ ಬಜೆಟ್ ಪತ್ರ

ತುಮಕೂರಿನ ಒಂದು ಕ್ಲಿನಿಕ್‌ನಲ್ಲಿ ನಾನು ಐಟಿ ಆಫೀಸರ್. ಕಟ್ಟಡಕ್ಕೆ ನೆಲಮಹಡಿ ಸೇರಿ ಮೂರು ಅಂತಸ್ತು. ಕೆಳಗೆ ರಿಜಿಸ್ಟ್ರೇಷನ್, ಬಿಲ್ಲಿಂಗ್, ಫಾರ್ಮಸಿ, ಎಕ್ಸ್‌ರೇ. ಮೊದಲ ಮಹಡಿಯಲ್ಲಿ ಡಾಕ್ಟರ್‌ಗಳ ಕೊಠಡಿಗಳು ಮತ್ತು ಲ್ಯಾಬ್. ಅದರ ಮೇಲೆ ಫಿಸಿಯೋಥೆರಪಿ ಮತ್ತು ಆಫೀಸು. ಕೇಬಲ್ ಚುಚ್ಚಿರುವ ಸಾಧನಗಳು ಒಟ್ಟು 46. ನಾನು ಸೇರಿದಾಗ ಇವನ್ನೆಲ್ಲ ಹೊತ್ತಿದ್ದದ್ದು ಹತ್ತು ಅನ್‌ಮ್ಯಾನೇಜ್ಡ್ ಸ್ವಿಚ್‌ಗಳು, ಅಂದರೆ ಕೇಬಲ್‌ಗಳು ಬಂದು ಸೇರುವ, ಬಂದದ್ದನ್ನು ದಾಟಿಸುವುದಷ್ಟೇ ಗೊತ್ತಿರುವ ಪೆಟ್ಟಿಗೆಗಳು. ಮಹಡಿಗೊಂದರಂತೆ ಮೂರು ದೊಡ್ಡವು, ಉಳಿದ ಏಳು ಮೇಜಿನಡಿಯ ಪುಟ್ಟವು. ಯಾವಾಗಲೋ ಒಂದು ಪ್ರಿಂಟರ್ ಬಂತು, ಗೋಡೆಯಲ್ಲಿ ಪಾಯಿಂಟ್ ಇರಲಿಲ್ಲ, ಐದು ಪೋರ್ಟಿನ ಒಂದು ಪೆಟ್ಟಿಗೆ ತಂದು ಸಿಕ್ಕಿಸಿದರು. ಹಾಗೆ ಬೆಳೆದ ಜಾಲ ಅದು.

ಒಂದು ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ರಿಜಿಸ್ಟ್ರೇಷನ್ ಕೌಂಟರ್‌ನಿಂದ ಫೋನ್ ಬಂತು: "ಸರ್, ಹೆಸರು ಹಾಕಿದ್ರೆ ತಿರುಗ್ತಾನೇ ಇದೆ." ಎರಡು ನಿಮಿಷದಲ್ಲಿ ಫಾರ್ಮಸಿಯಿಂದ, ಆಮೇಲೆ ಲ್ಯಾಬ್‌ನಿಂದ. ಎಲ್ಲರಿಗೂ ಒಟ್ಟಿಗೆ ನಿಂತಿದೆ ಅಂದರೆ ಸರ್ವರ್ ಕೆಟ್ಟಿರಬೇಕು ಅಂದುಕೊಂಡೆ. ಸರ್ವರ್ ರೀಸ್ಟಾರ್ಟ್ ಮಾಡಿದೆ, ಡೇಟಾಬೇಸ್ ನೋಡಿದೆ, ಡಿಸ್ಕ್ ನೋಡಿದೆ. ನಲವತ್ತು ನಿಮಿಷ ಅಲ್ಲೇ ಹೋಯಿತು. ಸರ್ವರ್ ಮುಂದೆಯೇ ಕೂತು ಕೆಲಸ ಮಾಡಿದರೆ ಏನೂ ತೊಂದರೆ ಇಲ್ಲ. ಬೇರೆ ಕಂಪ್ಯೂಟರ್‌ನಿಂದ ಪಿಂಗ್ ಮಾಡಿದರೆ, ಅಂದರೆ ಇದ್ದೀಯಾ ಎಂದು ಕೂಗಿ ನೋಡಿದರೆ, ಹತ್ತಕ್ಕೆ ಒಂದೋ ಎರಡೋ ಉತ್ತರ.

ಆಮೇಲೆ ರ್‍ಯಾಕ್ ಕಡೆ ತಿರುಗಿದೆ. ಸ್ವಿಚ್‌ನ ಹಸಿರು ದೀಪಗಳು ಮಾಮೂಲಿ ದಿನ ಒಂದೊಂದು ಒಂದೊಂದು ಗತಿಯಲ್ಲಿ ಮಿಣುಕುತ್ತವೆ. ಅವತ್ತು ಎಲ್ಲವೂ ಒಂದೇ ಸಮನೆ, ಕಣ್ಣಿಗೆ ಉರಿಯುತ್ತಲೇ ಇವೆ ಅನ್ನಿಸುವಷ್ಟು ವೇಗವಾಗಿ ಹೊಡೆದುಕೊಳ್ಳುತ್ತಿದ್ದವು. ಅನ್‌ಮ್ಯಾನೇಜ್ಡ್ ಸ್ವಿಚ್ ತನ್ನ ಬಗ್ಗೆ ಹೇಳಿಕೊಳ್ಳುವುದು ಆ ದೀಪದ ಭಾಷೆಯಲ್ಲಿ ಮಾತ್ರ. ಲೂಪ್ ಆಗಿದೆ ಅಂತ ಗೊತ್ತಾಯಿತು. ಎಲ್ಲಿ ಅಂತ ಅದು ಹೇಳಲಾರದು.

ಲೂಪ್ ಅಂದರೆ ಒಂದೇ ಕೇಬಲ್‌ನ ಎರಡೂ ತುದಿ ಸುತ್ತಿ ಬಂದು ಅದೇ ಜಾಲಕ್ಕೆ ಸೇರುವುದು. ಜಾಲದ ಪ್ರತಿ ಕಂಪ್ಯೂಟರೂ ಆಗಾಗ "ಈ ವಿಳಾಸ ಯಾರದು?" ಎಂದು ಎಲ್ಲರನ್ನೂ ಕೂಗಿ ಕೇಳುತ್ತದೆ. ಇದಕ್ಕೆ ಬ್ರಾಡ್‌ಕಾಸ್ಟ್ ಅನ್ನುತ್ತೇವೆ. ಸ್ವಿಚ್ ಆ ಕೂಗನ್ನು ಬಂದ ಪೋರ್ಟ್ ಬಿಟ್ಟು ಮಿಕ್ಕೆಲ್ಲ ಪೋರ್ಟ್‌ಗಳಿಗೂ ದಾಟಿಸುತ್ತದೆ. ದಾರಿ ಸುತ್ತಿಕೊಂಡಿದ್ದರೆ ಹೋದ ಕೂಗು ತಿರುಗಿ ಬರುತ್ತದೆ, ಮತ್ತೆ ಹೊಸ ಕೂಗೆಂದು ಎಲ್ಲ ಕಡೆಗೂ ಹೋಗುತ್ತದೆ. ಐಪಿ ಪ್ಯಾಕೆಟ್‌ಗಾದರೆ ಇಷ್ಟು ಮನೆ ದಾಟಿದ ಮೇಲೆ ಸಾಯಬೇಕು ಎಂಬ ಎಣಿಕೆ ಇರುತ್ತದೆ. ಈ ಕೂಗನ್ನು ಹೊತ್ತ ಈಥರ್ನೆಟ್ ಫ್ರೇಮ್‌ಗೆ ಆ ಎಣಿಕೆಯೇ ಇಲ್ಲ. ಯಾರಾದರೂ ಕೇಬಲ್ ಕೀಳುವವರೆಗೆ ಅದು ಸುತ್ತುತ್ತಲೇ ಇರುತ್ತದೆ, ಹೊಸ ಕೂಗುಗಳು ಬಂದು ಸೇರುತ್ತಲೇ ಇರುತ್ತವೆ, ನಿಜವಾದ ಕೆಲಸಕ್ಕೆ ದಾರಿ ಉಳಿಯುವುದಿಲ್ಲ.

ಎರಡನೇ ಮಹಡಿಗೆ ಹೋಗುವ ಕೇಬಲ್ ಕಿತ್ತಾಗ ಕೆಳಗಿನ ದೀಪಗಳು ತಣ್ಣಗಾದವು. ಆ ಮಹಡಿಯನ್ನು ಹಾಗೇ ಕಿತ್ತಿಟ್ಟು ಕೆಳಗಿನ ಕೆಲಸ ನಡೆಸಬಹುದಿತ್ತು. ಆದರೆ ಅವತ್ತಿನ ಆಫೀಸ್ ಕೆಲಸವೂ ಅವಸರದ್ದಿತ್ತು. ಹಾಕಿ ಕಿತ್ತು, ಹಾಕಿ ಕಿತ್ತು, ಮೇಜುಗಳ ಕೆಳಗೆ ಬಗ್ಗಿ ಹುಡುಕಿ, ಫಿಸಿಯೋಥೆರಪಿ ಕೊಠಡಿಯ ಪುಟ್ಟ ಸ್ವಿಚ್ ಹತ್ತಿರ ಬರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಒಂದು ಪ್ಯಾಚ್ ಕೇಬಲ್‌ನ ಎರಡೂ ತುದಿ ಅದೇ ಪೆಟ್ಟಿಗೆಯಲ್ಲಿತ್ತು. ನೆಲ ಒರೆಸುವ ಆಯಮ್ಮ ಬೆಳಿಗ್ಗೆ ಒಂದು ತುದಿ ಕೆಳಗೆ ಬಿದ್ದಿರುವುದು ನೋಡಿ, ನೀರು ತಾಗಬಾರದು ಅಂತ ಎತ್ತಿ ಖಾಲಿ ಇದ್ದ ತೂತಿಗೆ ಸಿಕ್ಕಿಸಿದ್ದರು. ಅವರದು ಒಳ್ಳೆಯ ಕೆಲಸವೇ. ಖಾಲಿ ತೂತಿಗೆ ಕೇಬಲ್ ಹಾಕಿದರೆ ಇಡೀ ಕ್ಲಿನಿಕ್ ನಿಲ್ಲುತ್ತದೆ ಅಂತಾದರೆ ತಪ್ಪು ಜಾಲದ್ದು. ಅವರ ಹೆಸರು ಎಲ್ಲೂ ಬರಬಾರದು ಅಂತ ಅವತ್ತೇ ತೀರ್ಮಾನಿಸಿದೆ. ಪತ್ರದಲ್ಲೂ ಬರೆಯಲಿಲ್ಲ.

ಆ ವಾರವೇ ಸ್ವಿಚ್ ಬದಲಾಯಿಸಲು ಹಣ ಕೇಳಿ ಮೊದಲ ಪತ್ರ ಬರೆದೆ. ಇಂಗ್ಲಿಷ್‌ನಲ್ಲಿ, ಎರಡು ಪುಟ. ವಿಎಲ್ಎಎನ್, ಸ್ಪ್ಯಾನಿಂಗ್ ಟ್ರೀ, ಎಸ್ಎನ್ಎಂಪಿ, ಕ್ಯೂಒಎಸ್, ಎಲ್ಲವನ್ನೂ ಪಟ್ಟಿ ಮಾಡಿ, ಕೊನೆಗೆ ಒಂದು ಮೊತ್ತ. ನಮ್ಮಲ್ಲಿ ಹಣದ ತೀರ್ಮಾನ ಮಾಡುವವರು ದೊಡ್ಡ ಡಾಕ್ಟರು ಮತ್ತು ಲೆಕ್ಕಪತ್ರ ನೋಡಿಕೊಳ್ಳುವ ಅವರ ಮನೆಯವರು, ಅಂದರೆ ನಮ್ಮೆಲ್ಲರ ಮೇಡಂ. ಎರಡು ದಿನಕ್ಕೆ ಮೇಡಂ ಕರೆದರು. "ಸ್ವಿಚ್ ಬದಲಾಯಿಸೋಕೆ ಲಕ್ಷ ರೂಪಾಯಿ ಯಾಕಪ್ಪ? ಎಲೆಕ್ಟ್ರಿಷಿಯನ್‌ಗೆ ಹೇಳಿದ್ರೆ ಆಗಲ್ವಾ?" ಎಂದು ನಿಜವಾಗಿಯೇ ಕೇಳಿದರು. ಅವರಿಗೆ ಅರ್ಥವಾಗದ್ದು ಅವರ ತಪ್ಪಲ್ಲ. ಯಾವ ಪೆಟ್ಟಿಗೆ, ಎಲ್ಲಿದೆ, ಏನು ಮಾಡುತ್ತದೆ ಎಂದು ಎರಡು ಪುಟದಲ್ಲಿ ನಾನು ಒಂದು ಸಲವೂ ಹೇಳಿರಲಿಲ್ಲ. ಡಾಕ್ಟರು ಕೇಳಿದ್ದು ಇನ್ನೂ ಕಷ್ಟದ ಪ್ರಶ್ನೆ: "ನೋಡಪ್ಪ, ಹೊಸದು ಹಾಕಿದ್ರೆ ಸೋಮವಾರ ಆಗಿದ್ದು ಮತ್ತೆ ಆಗಲ್ಲ ಅಂತ ಬರೆದುಕೊಡ್ತೀಯಾ?"

ಬರೆದುಕೊಡಲು ಆಗುತ್ತಿರಲಿಲ್ಲ. ಏಕೆಂದರೆ ನಾನು ಕೇಳಿದ್ದು ಮೂರು ದೊಡ್ಡ ಸ್ವಿಚ್‌ಗಳ ಜಾಗಕ್ಕೆ ಮಾತ್ರ ಮ್ಯಾನೇಜ್ಡ್ ಸ್ವಿಚ್, ಅಂದರೆ ನಾವು ಹೇಳಿಟ್ಟಂತೆ ನಡೆದು ಏನಾಯಿತೆಂದು ತಿಳಿಸಬಲ್ಲ ಸ್ವಿಚ್. ಮೇಜಿನಡಿಯ ಏಳು ಪುಟ್ಟ ಪೆಟ್ಟಿಗೆಗಳು ಹಾಗೇ ಉಳಿಯುತ್ತಿದ್ದವು. ಮ್ಯಾನೇಜ್ಡ್ ಸ್ವಿಚ್ ಲೂಪ್ ಹಿಡಿಯುವುದು ಹೀಗೆ: ಎರಡು ಸೆಕೆಂಡಿಗೊಮ್ಮೆ ಪ್ರತಿ ಪೋರ್ಟ್‌ನಿಂದ ತನ್ನ ಗುರುತಿನ ಒಂದು ಚೀಟಿ ಕಳಿಸುತ್ತದೆ, ಅದರ ಹೆಸರು ಬಿಪಿಡಿಯು. ತನ್ನದೇ ಚೀಟಿ ತನಗೆ ತಿರುಗಿ ಬಂದರೆ ದಾರಿ ಸುತ್ತಿಕೊಂಡಿದೆ ಎಂದು ತಿಳಿದು ಆ ಪೋರ್ಟ್ ಮುಚ್ಚುತ್ತದೆ. ನಡುವೆ ಒಂದು ಅನ್‌ಮ್ಯಾನೇಜ್ಡ್ ಪೆಟ್ಟಿಗೆ ಕೂತರೆ ಈ ಲೆಕ್ಕ ತಪ್ಪಬಹುದು. ಕೆಲವು ಪುಟ್ಟ ಸ್ವಿಚ್‌ಗಳು ಆ ಚೀಟಿಯನ್ನು ದಾಟಿಸುತ್ತವೆ, ಕೆಲವು ನುಂಗುತ್ತವೆ. ನುಂಗಿದರೆ ಮೇಲಿನ ಸ್ವಿಚ್‌ಗೆ ಲೂಪ್ ಕಾಣುವುದೇ ಇಲ್ಲ. ಆಗ ಆಸರೆ ಸ್ಟಾರ್ಮ್ ಕಂಟ್ರೋಲ್ ಒಂದೇ. ಒಂದು ಪೋರ್ಟ್‌ನಿಂದ ಬರುವ ಬ್ರಾಡ್‌ಕಾಸ್ಟ್ ಇಷ್ಟಕ್ಕಿಂತ ಹೆಚ್ಚಾದರೆ ಅದು ತಡೆಯುತ್ತದೆ. ಬೆಂಕಿ ಆ ಕೊಠಡಿಯೊಳಗೇ ಉಳಿಯುತ್ತದೆ, ಆದರೆ ಆರುವುದಿಲ್ಲ.

ಮೊದಲ ಪತ್ರದಲ್ಲಿ ನಾನು ಕೇಳಬೇಕಾದ್ದನ್ನೇ ಕೇಳಿರಲಿಲ್ಲ ಎಂದು ಆಗ ಗೊತ್ತಾಯಿತು. ಬೇಕಿದ್ದದ್ದು ಸ್ವಿಚ್ ಜೊತೆಗೆ ಗೋಡೆಯ ಕೇಬಲ್. ಕಟ್ಟಡವನ್ನು ಕೊಠಡಿ ಕೊಠಡಿಯಾಗಿ ಸುತ್ತಿ ಬರೆದುಕೊಂಡೆ. ಏಳು ಪುಟ್ಟ ಪೆಟ್ಟಿಗೆಗಳಿಗೆ ತಗುಲಿದ್ದ ಸಾಧನಗಳು 18. ಅಲ್ಲೆಲ್ಲ ಗೋಡೆಯಿಂದ ಒಂದೊಂದು ಕೇಬಲ್ ಈಗಾಗಲೇ ಬಂದಿದೆ, ಅಂದರೆ ಹೊಸದಾಗಿ ಎಳೆಯಬೇಕಾದ ಪಾಯಿಂಟ್‌ಗಳು 11.

ಇನ್ನೊಂದು ಕೊರತೆ ಪುರಾವೆಯದು. ಒಂದು ಸೋಮವಾರದ ಕಥೆ ಹೇಳಿ ಲಕ್ಷ ರೂಪಾಯಿ ಕೇಳುವುದು ನನಗೇ ಸರಿ ಕಾಣಲಿಲ್ಲ. ಆದರೆ ಅನ್‌ಮ್ಯಾನೇಜ್ಡ್ ಸ್ವಿಚ್ ಲೆಕ್ಕ ಇಡುವುದಿಲ್ಲ, ಯಾವ ಪೋರ್ಟ್ ಯಾವಾಗ ಬಿತ್ತು ಎಂದು ಕೇಳಿದರೆ ಉತ್ತರವಿಲ್ಲ. ಹಾಗಾಗಿ ಸರ್ವರ್‌ನಿಂದ ಮಹಡಿಗೊಂದು ಪ್ರಿಂಟರ್‌ಗೆ ಐದು ಸೆಕೆಂಡಿಗೊಮ್ಮೆ ಪಿಂಗ್ ಹಾಕಿ ಎರಡು ವಾರ ಬಿಟ್ಟೆ.

```
ping -D -O -i 5 192.168.1.40 > mahadi2.log
grep "no answer" mahadi2.log
```

`-D` ಪ್ರತಿ ಸಾಲಿಗೂ ಸಮಯ ಹಾಕುತ್ತದೆ. `-O` ಉತ್ತರ ಬರದಿದ್ದರೂ ಒಂದು ಸಾಲು ಬರೆಯುತ್ತದೆ. ಅದಿಲ್ಲದಿದ್ದರೆ ಬಾರದ ಉತ್ತರಕ್ಕೆ ಗುರುತೇ ಇರುವುದಿಲ್ಲ, ನಂಬರ್‌ಗಳಲ್ಲಿ ಬಿಟ್ಟುಹೋದದ್ದನ್ನು ಹುಡುಕಬೇಕಾಗುತ್ತದೆ.

ಆ ಲಾಗ್ ಹೇಳಿದ್ದು ನಾನು ಎಣಿಸಿದ್ದಲ್ಲ. ಎರಡನೇ ಮಹಡಿ ಹೆಚ್ಚುಕಮ್ಮಿ ದಿನಾ ಮಧ್ಯಾಹ್ನ ಒಂದೂವರೆ ಸುಮಾರಿಗೆ ಜಾಲದಿಂದ ಪೂರ್ತಿ ಮರೆಯಾಗುತ್ತಿತ್ತು, ಮುಕ್ಕಾಲು ಗಂಟೆ ಕಳೆದ ಮೇಲೆ ಮತ್ತೆ ಬರುತ್ತಿತ್ತು. ಮೇಲೆ ಹೋಗಿ ಕಾದು ನೋಡಿದೆ. ಊಟಕ್ಕೆ ಏಳುವವರು ಫ್ಯಾನಿನ ಜೊತೆ ಎಕ್ಸ್‌ಟೆನ್ಷನ್ ಬೋರ್ಡನ್ನೂ ಆರಿಸಿ ಹೋಗುತ್ತಿದ್ದರು. ಆ ಮಹಡಿಯ ದೊಡ್ಡ ಸ್ವಿಚ್‌ಗೆ ಕರೆಂಟು ಅದೇ ಬೋರ್ಡಿನಿಂದ. ಎಷ್ಟು ದುಬಾರಿಯ ಮ್ಯಾನೇಜ್ಡ್ ಸ್ವಿಚ್ ತಂದರೂ ಈ ತೊಂದರೆ ಹೋಗುವುದಿಲ್ಲ. ಇದಕ್ಕೆ ಬೇಕಾದ್ದು ಬೀಗವಿರುವ ಪುಟ್ಟ ಗೂಡು ಮತ್ತು ಒಂದು ಸಣ್ಣ ಯುಪಿಎಸ್. ಗೂಡು ನಮ್ಮ ಬಡಗಿಯೇ ಮಾಡಿಕೊಟ್ಟ, ಯುಪಿಎಸ್ ಪತ್ರಕ್ಕೆ ಸೇರಿತು. ಈ ಲಾಗ್ ನೋಡದೆ ಇದ್ದಿದ್ದರೆ ಹೊಸ ಸ್ವಿಚ್ ಹಾಕಿದ ಮಾರನೇ ದಿನ ಮಧ್ಯಾಹ್ನವೇ ಮೇಡಂ ಮುಂದೆ ನಿಲ್ಲಬೇಕಾಗುತ್ತಿತ್ತು.

ಅದೇ ಎರಡು ವಾರದಲ್ಲಿ ಇನ್ನೊಂದು ಘಟನೆ ತಾನಾಗಿಯೇ ಬಂತು. ಫಾರ್ಮಸಿಯ ಕಂಪ್ಯೂಟರ್‌ಗೆ ಸರ್ವರ್ ಸಿಗುತ್ತಿಲ್ಲ, ಪಕ್ಕದ ಬಿಲ್ಲಿಂಗ್‌ಗೆ ಸಿಗುತ್ತಿದೆ. `ipconfig /all` ಹೊಡೆದರೆ ವಿಳಾಸ 192.168.0 ಸಾಲಿನದು. ನಮ್ಮದು 192.168.1. ಯಾರೋ ತಮ್ಮ ಮನೆಯ ವೈಫೈ ರೂಟರ್ ತಂದು ಡ್ಯೂಟಿ ರೂಮಿನ ಗೋಡೆಗೆ ಸಿಕ್ಕಿಸಿದ್ದರು. ಆ ರೂಟರ್ ಕೂಡ ಕೇಳಿದವರಿಗೆಲ್ಲ ವಿಳಾಸ ಹಂಚುತ್ತದೆ, ಮೊದಲು ಉತ್ತರ ಕೊಟ್ಟವರ ಮಾತನ್ನು ಕಂಪ್ಯೂಟರ್ ನಂಬುತ್ತದೆ. ಅವತ್ತು ಬೆಳಿಗ್ಗೆ ಹೊಸದಾಗಿ ಆನ್ ಮಾಡಿದ ಕಂಪ್ಯೂಟರ್‌ಗಳಲ್ಲಿ ಕೆಲವಕ್ಕೆ ಮಾತ್ರ ಈ ಗತಿ, ಮಿಕ್ಕವು ಸರಿ. ಇದಕ್ಕೆ ಮದ್ದು ಡಿಎಚ್‌ಸಿಪಿ ಸ್ನೂಪಿಂಗ್: ವಿಳಾಸ ಹಂಚುವ ಹಕ್ಕು ಇಂಥ ಪೋರ್ಟ್‌ಗೆ ಮಾತ್ರ ಎಂದು ಸ್ವಿಚ್‌ಗೆ ಹೇಳಿಟ್ಟರೆ, ಬೇರೆ ಪೋರ್ಟ್‌ನಿಂದ ಬಂದ ಹಂಚಿಕೆಯನ್ನು ಅದು ಅಲ್ಲೇ ಎಸೆಯುತ್ತದೆ.

ಎರಡನೇ ಪತ್ರವನ್ನು ಕನ್ನಡದಲ್ಲಿ ಬರೆದೆ. ಓದಿ ಸಹಿ ಹಾಕುವವರು ಮನೆಯಲ್ಲಿ, ಆಫೀಸಿನಲ್ಲಿ ಮಾತಾಡುವ ಭಾಷೆ ಅದೇ. ಶುರು ಹೀಗಿತ್ತು:

"ಮಾನ್ಯರೇ,

ವಿಷಯ: ಕ್ಲಿನಿಕ್‌ನ ನೆಟ್‌ವರ್ಕ್ ಸ್ವಿಚ್‌ಗಳನ್ನು ಬದಲಾಯಿಸಿ, 11 ಹೊಸ ಕೇಬಲ್ ಪಾಯಿಂಟ್ ಹಾಕಿಸಲು ಹಣ ಮಂಜೂರು ಮಾಡುವ ಬಗ್ಗೆ.

ನೆಟ್‌ವರ್ಕ್ ಸ್ವಿಚ್ ಎಂದರೆ ನಮ್ಮ ಎಲ್ಲ ಕಂಪ್ಯೂಟರ್, ಪ್ರಿಂಟರ್, ಎಕ್ಸ್‌ರೇ, ಲ್ಯಾಬ್ ಯಂತ್ರಗಳ ಕೇಬಲ್ ಬಂದು ಸೇರುವ ಪೆಟ್ಟಿಗೆ. ಈಗ ಇರುವ ಹತ್ತು ಪೆಟ್ಟಿಗೆಗಳು ಬಂದದ್ದನ್ನು ದಾಟಿಸುತ್ತವೆ, ಅಷ್ಟೇ. ಯಾವುದು ಕೆಟ್ಟಿದೆ, ಎಲ್ಲಿ ಕೆಟ್ಟಿದೆ ಎಂದು ತಿಳಿಸಲಾರವು, ಕೆಟ್ಟದ್ದನ್ನು ತಾವೇ ಬೇರ್ಪಡಿಸಲಾರವು. ಕಳೆದ ತಿಂಗಳು ಒಂದು ಕೊಠಡಿಯ ಒಂದು ಕೇಬಲ್‌ನಿಂದ ಮೂರು ಅಂತಸ್ತೂ 2 ಗಂಟೆ 40 ನಿಮಿಷ ನಿಂತವು. ಅದರಲ್ಲಿ ಸರಿಪಡಿಸಲು ಹಿಡಿದದ್ದು ಒಂದು ಕ್ಷಣ, ಉಳಿದದ್ದೆಲ್ಲ ಹುಡುಕಲು."

ನಷ್ಟದ ಲೆಕ್ಕ ಬರೆಯುವಾಗ ಕೈ ಸ್ವಲ್ಪ ತಡೆಯಿತು. ಟೋಕನ್ ಪುಸ್ತಕದ ಪ್ರಕಾರ ಅವತ್ತು ಕಾದು ಬೇಸತ್ತು ಹೊರಟವರು 19 ಜನ. ಕನ್ಸಲ್ಟೇಷನ್ ತಲಾ 400 ರೂಪಾಯಿ, ಒಟ್ಟು 7,600. ಇಷ್ಟು ಸಣ್ಣ ಮೊತ್ತ ತೋರಿಸಿ ಲಕ್ಷ ಕೇಳುವುದು ಹೇಗೆ? ಲ್ಯಾಬ್, ಫಾರ್ಮಸಿ ಎಲ್ಲ ಸೇರಿಸಿ ಅಂದಾಜಿನಲ್ಲಿ ಉಬ್ಬಿಸುವುದು ಸುಲಭವಿತ್ತು. ಮೇಡಂಗೆ ದಿನದ ಗಲ್ಲಾ ಪೆಟ್ಟಿಗೆಯ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು. ಒಂದು ಅಂಕಿ ಉಬ್ಬಿದ್ದು ಕಂಡರೆ ಮಿಕ್ಕ ಎಲ್ಲವನ್ನೂ ಅನುಮಾನದಿಂದ ಓದುತ್ತಾರೆ. 7,600 ಎಂದೇ ಬರೆದೆ. ಅದರ ಕೆಳಗೆ, ಅವತ್ತು ಕೈಯಲ್ಲಿ ಬರೆದ ಬಿಲ್‌ಗಳಲ್ಲಿ ಎರಡು ಆಮೇಲೆ ಕಂಪ್ಯೂಟರ್‌ಗೆ ಏರಲೇ ಇಲ್ಲ ಎಂದು, ಮೊದಲ ಮಹಡಿಯಲ್ಲಿ ರಿಪೋರ್ಟ್‌ಗಾಗಿ ಡಾಕ್ಟರ್ ಮುಂದೆ ಕೂತವರು ಮತ್ತೆ ಸಂಜೆ ಬರಬೇಕಾಯಿತು ಎಂದು ಬರೆದೆ. ಇವಕ್ಕೆ ಬೆಲೆ ಕಟ್ಟಲಿಲ್ಲ.

ಮೂರನೆಯ ವಿಷಯ ರೋಗಿಗಳ ಮಾಹಿತಿಯದು. ಕಾಯುವ ಹಾಲ್‌ನ ವೈಫೈ, ಕ್ಯಾಮೆರಾಗಳು, ಎಕ್ಸ್‌ರೇ ಕಂಪ್ಯೂಟರ್, ಬಿಲ್ಲಿಂಗ್, ಎಲ್ಲ ಒಂದೇ ಅಂಗಳದಲ್ಲಿದ್ದವು. ಎಕ್ಸ್‌ರೇ ಯಂತ್ರದ ಕಂಪ್ಯೂಟರ್‌ನಲ್ಲಿ ಇನ್ನೂ ವಿಂಡೋಸ್ 7. ಅದಕ್ಕೆ ತಯಾರಕರ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಯಂತ್ರ ಚೆನ್ನಾಗಿಯೇ ನಡೆಯುತ್ತಿರುವಾಗ ಕಂಪ್ಯೂಟರ್‌ಗಾಗಿ ಅದನ್ನು ಎಸೆಯಲಾಗದು. ವಿಎಲ್ಎಎನ್ ಅಂದರೆ ಅದೇ ಸ್ವಿಚ್‌ನೊಳಗೆ ಗೋಡೆ ಎಬ್ಬಿಸುವುದು, ಹಾಲ್‌ನಲ್ಲಿ ಕೂತವರ ಫೋನ್‌ಗೆ ಎಕ್ಸ್‌ರೇ ಕಂಪ್ಯೂಟರ್ ಇರುವುದೇ ಕಾಣದಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸಮಂಜಸ ಸುರಕ್ಷತಾ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿಯವರೆಗೂ ದಂಡವಿದೆ. ಆ ಅಂಕಿಯನ್ನು ಒಮ್ಮೆ ಬರೆದು ಹೊಡೆದುಹಾಕಿದೆ. ಅದು ಗರಿಷ್ಠ ಮಿತಿ, ಹೆದರಿಸಿ ಸಹಿ ಪಡೆಯುವುದು ನನಗೆ ಬೇಡವಾಗಿತ್ತು. ಸುರಕ್ಷತಾ ಕ್ರಮ ನಮ್ಮ ಹೊಣೆ ಎಂಬ ಒಂದೇ ಸಾಲು ಉಳಿಸಿಕೊಂಡೆ.

ಗೋಡೆ ಎಬ್ಬಿಸಿದರೆ ಬಾಗಿಲೂ ಬೇಕು. ಬಿಲ್ಲಿಂಗ್‌ನವರಿಗೆ ಲ್ಯಾಬ್ ಬೇಕು, ಡಾಕ್ಟರ್‌ಗೆ ಎಕ್ಸ್‌ರೇ ಚಿತ್ರ ಬೇಕು. ಲೇಯರ್ 2 ಸ್ವಿಚ್ ಒಂದು ವಿಎಲ್ಎಎನ್‌ನಿಂದ ಇನ್ನೊಂದಕ್ಕೆ ದಾಟಿಸುವುದಿಲ್ಲ, ಆ ಕೆಲಸ ಫೈರ್‌ವಾಲ್‌ನದು. ನಮ್ಮ ಹಳೆಯ ಫೈರ್‌ವಾಲ್‌ಗೆ 802.1Q, ಅಂದರೆ ಒಂದೇ ಕೇಬಲ್‌ನಲ್ಲಿ ಹಲವು ವಿಎಲ್ಎಎನ್‌ಗಳನ್ನು ಗುರುತು ಹಾಕಿ ಸಾಗಿಸುವ ಕ್ರಮ, ಗೊತ್ತಿದೆಯೇ ಎಂದು ಪತ್ರಕ್ಕೆ ಮುಂಚೆಯೇ ಒಂದು ಭಾನುವಾರ ಪರೀಕ್ಷಿಸಿದೆ. ಗೊತ್ತಿತ್ತು. ಇಲ್ಲದಿದ್ದರೆ ಬಜೆಟ್ ಇನ್ನೊಂದು ಮಜಲು ಏರುತ್ತಿತ್ತು. ಎಕ್ಸ್‌ರೇ ಮತ್ತು ಲ್ಯಾಬ್ ಯಂತ್ರಗಳಿಗೆ ವಿಳಾಸ ಬದಲಿಸಬೇಕೆಂದರೆ ಕಂಪನಿಯ ಸರ್ವಿಸ್ ಇಂಜಿನಿಯರ್ ಬರಬೇಕು, ಅದಕ್ಕೆ ಪ್ರತ್ಯೇಕ ಶುಲ್ಕ. ಹಾಗಾಗಿ ಅವನ್ನು ಹಳೆಯ 192.168.1 ಸಾಲಿನಲ್ಲೇ ಬಿಟ್ಟು, ಮಿಕ್ಕವರನ್ನು ಹೊಸ ಸಾಲುಗಳಿಗೆ ಒಯ್ಯುವುದು ಎಂದು ತೀರ್ಮಾನಿಸಿದೆ. ಇದರಿಂದ ಉಳಿಯುವ ಖರ್ಚನ್ನೂ ಪತ್ರದಲ್ಲಿ ಕಾಣಿಸಿದೆ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಎರಡು, ಇಲ್ಲೇ ಊರಲ್ಲಿ ಒಂದು, ಹೀಗೆ ಮೂರು ಕೊಟೇಷನ್ ತಂದೆ. ಕ್ಯಾಮೆರಾ ಮತ್ತು ವೈಫೈ ಕೇಬಲ್‌ಗಳೆಲ್ಲ ಬಂದು ಸೇರುವುದು ನೆಲಮಹಡಿಗೆ, ಆದ್ದರಿಂದ ಕೇಬಲ್‌ನಲ್ಲೇ ಕರೆಂಟು ಕೊಡುವ ಪಿಒಇ ಸ್ವಿಚ್ ಒಂದೇ ಸಾಕು, 38,500. ಮೇಲಿನೆರಡು ಮಹಡಿಗೆ ಸಾದಾ ಮ್ಯಾನೇಜ್ಡ್ ಸ್ವಿಚ್ ತಲಾ 17,200. ಕೇಬಲ್ ಪಾಯಿಂಟ್ ಒಂದಕ್ಕೆ 2,400ರಂತೆ 26,400. ಎರಡು ಸಣ್ಣ ಯುಪಿಎಸ್ 6,400. ಜೊತೆಗೆ ಒಂದು ಸ್ವಿಚ್ ಹೆಚ್ಚುವರಿ, ಕೆಟ್ಟರೆ ತಕ್ಷಣ ಹಾಕಲು, ಮತ್ತೆ 17,200. ಒಟ್ಟು 1,22,900 ಎಂದು ಬರೆದು ಒಯ್ದೆ.

ಮೇಡಂ ಮೊದಲು ಕೇಳಿದ್ದು ಜಿಎಸ್‌ಟಿ. "ತೆರಿಗೆ ಬಿಟ್ಟು ಬರೆದಿದ್ದೀಯ. ಅಂಗಡಿಯವರಿಗೆ ಅದು ವಾಪಸ್ ಬರುತ್ತೆ, ನಮಗೆ ಬರಲ್ಲಪ್ಪ." ನಿಜ. ಚಿಕಿತ್ಸೆಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ಫಾರ್ಮಸಿ ಮಾರಾಟದ ಪಾಲಿಗೆ ಬರುವ ಅಲ್ಪಸ್ವಲ್ಪ ಬಿಟ್ಟರೆ, ಖರೀದಿಗೆ ಕೊಟ್ಟ 18 ಶೇಕಡಾ ಖರ್ಚೇ. ಕೂತಲ್ಲೇ ತಿದ್ದಿದೆ: 1,45,022. ಈ ಪಾಠ ನನಗೆ ಯಾವ ನೆಟ್‌ವರ್ಕ್ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಡಾಕ್ಟರು ಪತ್ರದ ಕೊನೆಯ ಪ್ಯಾರಾವನ್ನು ಎರಡು ಸಲ ಓದಿದರು. ಅದು ಅವರ ಹಳೆಯ ಪ್ರಶ್ನೆಗೆ ಉತ್ತರ:

"ಇದನ್ನು ಹಾಕಿದ ಮೇಲೂ ಇಂಟರ್ನೆಟ್ ಲೈನ್ ಕಡಿದರೆ ಇಂಟರ್ನೆಟ್ ನಿಲ್ಲುತ್ತದೆ, ಸರ್ವರ್ ಕೆಟ್ಟರೆ ಕೆಲಸ ನಿಲ್ಲುತ್ತದೆ. ಒಂದು ಮಹಡಿಯ ಸ್ವಿಚ್ ಕೆಟ್ಟರೆ ಆ ಮಹಡಿ ನಿಲ್ಲುತ್ತದೆ. ಒಂದು ಕೊಠಡಿಯ ಕೇಬಲ್ ತಪ್ಪಿನಿಂದ ಇಡೀ ಕಟ್ಟಡ ನಿಲ್ಲುವುದು ತಪ್ಪುತ್ತದೆ. ಆದರೆ ಮೇಜಿನಡಿಯ ಏಳೂ ಪೆಟ್ಟಿಗೆ ತೆಗೆದರೆ ಮಾತ್ರ ಈ ಮಾತು ಕೊಡಬಲ್ಲೆ."

"ಇಷ್ಟು ಬರೆದರೆ ಸಾಕಿತ್ತಲ್ಲ ಮೊದಲೇ" ಅಂದರು. ಹೆಚ್ಚುವರಿ ಸ್ವಿಚ್ ಒಂದನ್ನು ಹೊಡೆದು ಮಿಕ್ಕಿದ್ದಕ್ಕೆ ಸಹಿ ಹಾಕಿದರು. ತೆರಿಗೆ ಸೇರಿ 1,24,726.

ಎರಡು ಭಾನುವಾರ ಕೆಲಸ ಹಿಡಿಯಿತು. ಸೋಮವಾರ ಬೆಳಿಗ್ಗೆ ಮೊದಲ ಮಹಡಿಯವರೆಲ್ಲ "ನೆಟ್ ಲೇಟಾಗಿ ಬರ್ತಿದೆ" ಅಂದರು. ಪೋರ್ಟ್ ಸುತ್ತಿಕೊಂಡಿದೆಯೇ ಎಂದು ಪರೀಕ್ಷಿಸಲು ಸ್ವಿಚ್ ಸುಮಾರು 30 ಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ಕಂಪ್ಯೂಟರ್ ವಿಳಾಸ ಕೇಳಿ ಸೋತಿರುತ್ತದೆ. ಕಂಪ್ಯೂಟರ್‌ಗಳ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್, ಅಂದರೆ ಕಾಯದೆ ತಕ್ಷಣ ತೆರೆಯುವ ಪೋರ್ಟ್, ಎಂದು ಗುರುತು ಮಾಡುವುದನ್ನು ಆ ಮಹಡಿಯಲ್ಲಿ ಮರೆತಿದ್ದೆ. ಗುರುತು ಮಾಡಿ, ಅವುಗಳ ಮೇಲೆ ಬಿಪಿಡಿಯು ಚೀಟಿ ಬಂದ ಕೂಡಲೇ ಪೋರ್ಟ್ ಮುಚ್ಚುವ ಬಿಪಿಡಿಯು ಗಾರ್ಡ್ ಹಾಕಿ, ಸೇವ್ ಮಾಡಿದೆ. ಸೇವ್ ಮಾಡದಿದ್ದರೆ ಕರೆಂಟು ಹೋಗಿ ಬಂದಾಗ ಸ್ವಿಚ್ ಎಲ್ಲವನ್ನೂ ಮರೆಯುತ್ತದೆ.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಎರಡನೇ ಮಹಡಿಯ ಸ್ವಿಚ್ 14ನೇ ಪೋರ್ಟ್ ಮುಚ್ಚಿದೆ ಎಂದು ಮೇಲ್ ಕಳಿಸಿತು. ಪಟ್ಟಿ ನೋಡಿದರೆ ಫಿಸಿಯೋಥೆರಪಿ ಕೊಠಡಿ. ಗೋಡೆಯ ಎರಡು ಪಾಯಿಂಟ್‌ಗಳಿಗೂ ಒಂದೇ ಕೇಬಲ್ ಸಿಕ್ಕಿಸಿತ್ತು. ಕಿತ್ತು, ಪೋರ್ಟ್ ತೆರೆದು, ಕೆಳಗಿಳಿದು ಬಂದೆ. ಕೌಂಟರ್‌ನಲ್ಲಿ ಟೋಕನ್ ಕೂಗುತ್ತಿದ್ದರು, ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಮೂರೂ ಸ್ವಿಚ್‌ಗಳ ಕಾನ್ಫಿಗರೇಷನ್ ಫೈಲ್ ತೆಗೆದು ಬೇರೆ ಡಿಸ್ಕ್‌ನಲ್ಲಿ ಇಟ್ಟಿದ್ದೇನೆ. ಹಳೆಯ ಪೆಟ್ಟಿಗೆಯಾದರೆ ಕೆಟ್ಟ ದಿನ ಎದುರಿನ ಅಂಗಡಿಯಿಂದ ಯಾವುದನ್ನು ತಂದರೂ ನಡೆಯುತ್ತಿತ್ತು. ಇದು ಹಾಗಲ್ಲ, ಅದೇ ಮಾಡೆಲ್ ಬೇಕು, ಫೈಲ್ ತುಂಬಬೇಕು. ಮುಂದಿನ ಏಪ್ರಿಲ್‌ನ ಪತ್ರ ಈಗಲೇ ಶುರು ಮಾಡಿದ್ದೇನೆ. ಮೊದಲ ಸಾಲು ಹೆಚ್ಚುವರಿ ಸ್ವಿಚ್‌ನದು, 17,200, ಜಿಎಸ್‌ಟಿ ಸೇರಿ 20,296.